ರೂಟ್ ಲೋಕಸ್ ಕೈಯಲ್ಲೇ ಬಿಡಿಸೋದು ಹೇಗೆ: ಲೆಕ್ಕ ಮುಗಿದ ಮೇಲೆ ಯಾವ ಗೆರೆ ಯಾವ ಕಡೆಗೆ?

ರೂಟ್ ಲೋಕಸ್ ಲೆಕ್ಕ ಬರಲ್ಲ ಅನ್ನೋರು ಕಮ್ಮಿ. ಸೆಂಟ್ರಾಯ್ಡ್ ತೆಗೀತಾರೆ, ಅಸಿಂಪ್ಟೋಟ್ ಆಂಗಲ್ ತೆಗೀತಾರೆ, ಬ್ರೇಕ್‌ಅವೇ ಪಾಯಿಂಟೂ ಹೇಗೋ ಬರುತ್ತೆ, ಆದ್ರೆ ಆಮೇಲೆ ಹಾಳೆ ಮೇಲೆ ನಾಲ್ಕು ಇಂಟು ಮಾರ್ಕು, ನಾಲ್ಕು ಚುಕ್ಕಿ ಗೆರೆ ಇಟ್ಕೊಂಡು ಕೂತಾಗ ನಿಜವಾದ ತಲೆನೋವು ಶುರುವಾಗುತ್ತೆ. ಯಾವ ಪೋಲಿಂದ ಹೊರಟ ಗೆರೆ ಯಾವ ಅಸಿಂಪ್ಟೋಟಿಗೆ ಹೋಗಿ ಸೇರುತ್ತೆ? ಇಲ್ಲಿ ಬಹಳ ಜನ ಅಂದಾಜಿಗೆ ಎಳೆದುಬಿಡ್ತಾರೆ, ಅರ್ಧ ಸಲ ಸರಿ ಬರುತ್ತೆ, ಅರ್ಧ ಸಲ ಪೂರ್ತಿ ಉಲ್ಟಾ. ಅದಕ್ಕೆ ಈ ಲೇಖನದಲ್ಲಿ ಒಂದೇ ಒಂದು ಸಿಸ್ಟಮ್ ತಗೊಂಡು ಮೊದಲಿಂದ ಕೊನೇ ತನಕ ಬಿಡಿಸೋಣ, ಪ್ರತಿ ನಂಬರೂ ಗೆರೆ ಬಗ್ಗೆ ಏನು ಹೇಳ್ತಿದೆ ಅಂತ ನೋಡ್ಕೊಂಡು ಹೋಗೋಣ.

ಸಿಸ್ಟಮ್ ಇದು:

```
G(s) = K / [ s (s+5) (s^2 + 4s + 13) ]
```

ಯೂನಿಟಿ ಫೀಡ್‌ಬ್ಯಾಕ್, K ಸೊನ್ನೆಯಿಂದ ಮೇಲಕ್ಕೆ ಹೋಗುತ್ತೆ. ಝೀರೋ ಒಂದೂ ಇಲ್ಲ. ಪೋಲ್ ನಾಲ್ಕು: 0, -5, -2+3j, -2-3j.

ಮೊದಲು ಒಂದು ಮಾತು ತಲೇಲಿ ಇಟ್ಕೊಳ್ಳಿ, ಮುಂದಿನದೆಲ್ಲಾ ಇದರಿಂದಲೇ ಹುಟ್ಟೋದು. ಒಂದು ಬಿಂದು ಲೋಕಸ್ ಮೇಲೆ ಇದೆಯಾ ಇಲ್ವಾ ಅಂತ ತೀರ್ಮಾನ ಮಾಡೋದು ಆಂಗಲ್ ಒಂದೇ. ಎಲ್ಲಾ ಪೋಲಿಂದ ಆ ಬಿಂದುವಿಗೆ ಗೆರೆ ಎಳೆದು ಅವುಗಳ ಕೋನ ಕೂಡಿಸಿ, ಝೀರೋಗಳ ಕೋನ ಕಳೀರಿ, ಉತ್ತರ 180 ಡಿಗ್ರಿಯ ಬೆಸ ಗುಣಕ (180, 540, -180 ಹೀಗೆ) ಬಂದ್ರೆ ಬಿಂದು ಲೋಕಸ್ ಮೇಲಿದೆ, ಇಲ್ಲಾಂದ್ರೆ ಇಲ್ಲ. K ಎಷ್ಟು ಅನ್ನೋದು ಆಮೇಲಿನ ಮಾತು, ಅದಕ್ಕೆ ಅದೇ ಗೆರೆಗಳ ಉದ್ದ ಗುಣಿಸಿದ್ರೆ ಆಯ್ತು. ವಾಲ್ಟರ್ ಇವಾನ್ಸ್ 1948ರಲ್ಲಿ ಈ ವಿಧಾನ ಪ್ರಕಟ ಮಾಡಿದ್ರು, ಕೋನ ಕೂಡಿಸೋದಕ್ಕೆ ನೆರವಾಗೋ ಸ್ಪಿರೂಲ್ ಅನ್ನೋ ಪ್ಲಾಸ್ಟಿಕ್ ಸಾಧನಾನೂ ಮಾಡಿದ್ರು, ಅಂದ್ರೆ ಈ ಕೆಲಸದಲ್ಲಿ ಮುಖ್ಯ ಏನು ಅಂತ ನೀವೇ ಅರ್ಥ ಮಾಡ್ಕೊಳ್ಳಿ.

ಹಾಳೆ ರೆಡಿ ಮಾಡೋದು

ಗ್ರಾಫ್ ಶೀಟ್ ಇದ್ರೆ ಒಳ್ಳೇದು, ಇಲ್ಲಾಂದ್ರೆ ಚೌಕುಳಿ ಹಾಳೆ ಸಾಕು. ಒಂದು ಯೂನಿಟಿಗೆ 2 ಸೆಂ.ಮೀ. ಇಟ್ಕೊಳ್ಳಿ, ಅಡ್ಡಕ್ಕೆ -6ರಿಂದ +2, ಉದ್ದಕ್ಕೆ -4ರಿಂದ +4. ಎರಡೂ ಆಕ್ಸಿಸಿಗೆ ಸ್ಕೇಲ್ ಒಂದೇ ಇರ್ಲೇಬೇಕು, ಇದನ್ನ ಬಿಟ್ರೆ ಮುಂದೆ 45 ಡಿಗ್ರಿ ಅಂತ ಎಳೆದ ಗೆರೆ 45 ಡಿಗ್ರಿ ಆಗಿರಲ್ಲ, ಡಿಪಾರ್ಚರ್ ಆಂಗಲ್ಲೂ ಸುಳ್ಳು ಹೇಳುತ್ತೆ. ನಾಲ್ಕು ಪೋಲಿಗೂ ಇಂಟು ಹಾಕಿ. ಕೆಳಗಿನ ಅರ್ಧ ಮೇಲಿನದರ ಕನ್ನಡಿ ಅಷ್ಟೇ, ಹಾಗಾಗಿ ನಾನು ಇನ್ನು ಮೇಲೆ ಮೇಲಿನ ಅರ್ಧದ ಬಗ್ಗೆ ಮಾತ್ರ ಮಾತಾಡ್ತೀನಿ.

ರಿಯಲ್ ಆಕ್ಸಿಸ್ ಮೇಲೆ ಲೋಕಸ್ ಎಲ್ಲಿದೆ? ಒಂದು ಬಿಂದುವಿನ ಬಲಗಡೆ ಇರೋ ರಿಯಲ್ ಪೋಲ್ ಮತ್ತು ಝೀರೋ ಎಣಿಸಿ, ಬೆಸ ಬಂದ್ರೆ ಲೋಕಸ್ ಇದೆ. ಇಲ್ಲಿ 0 ಮತ್ತು -5ರ ಮಧ್ಯೆ ಬಲಗಡೆ ಒಂದೇ ಪೋಲ್, ಆದ್ರಿಂದ ಅಷ್ಟು ತುಂಡು ಗಟ್ಟಿಯಾಗಿ ಎಳೀರಿ. -5ರ ಎಡಕ್ಕೆ ಎರಡಾಗುತ್ತೆ, ಅಲ್ಲಿ ಏನೂ ಇಲ್ಲ. ಕಾಂಪ್ಲೆಕ್ಸ್ ಜೋಡಿನ ಯಾಕೆ ಎಣಿಸಲ್ಲ ಅಂದ್ರೆ ರಿಯಲ್ ಆಕ್ಸಿಸ್ ಮೇಲಿನ ಯಾವ ಬಿಂದುವಿಗೂ ಮೇಲಿನ ಪೋಲಿನ ಕೋನ ಮತ್ತು ಕೆಳಗಿನ ಪೋಲಿನ ಕೋನ ಒಂದಕ್ಕೊಂದು ಹೊಡ್ಕೊಂಡು ಹೋಗುತ್ತೆ.

ಅಸಿಂಪ್ಟೋಟ್

ಪೋಲ್ ನಾಲ್ಕು, ಝೀರೋ ಸೊನ್ನೆ, ಅಂದ್ರೆ ನಾಲ್ಕೂ ಬ್ರಾಂಚ್ ಅನಂತಕ್ಕೆ ಹೋಗ್ತವೆ. ಆಂಗಲ್ 180ನ್ನ 4ರಿಂದ ಭಾಗಿಸಿದ್ರೆ 45, ಆಮೇಲೆ 90 ಕೂಡಿಸ್ತಾ ಹೋಗಿ: 45, 135, 225, 315. ಸೆಂಟ್ರಾಯ್ಡ್:

```
(0 - 5 - 2 - 2) / 4 = -2.25
```

ಇಮ್ಯಾಜಿನರಿ ಭಾಗ ಜೋಡಿಯಲ್ಲಿ ಹೊಡ್ಕೊಂಡು ಹೋಗುತ್ತೆ, ರಿಯಲ್ ಭಾಗ ಮಾತ್ರ ಕೂಡಿಸಿದ್ರೆ ಸಾಕು. -2.25ರಲ್ಲಿ ಸಣ್ಣ ಚುಕ್ಕಿ ಇಟ್ಟು ನಾಲ್ಕು ಚುಕ್ಕಿ ಗೆರೆ ಎಳೀರಿ. 45 ಡಿಗ್ರಿ ಗೆರೆ ಇಮ್ಯಾಜಿನರಿ ಆಕ್ಸಿಸನ್ನ 2.25ರ ಎತ್ತರದಲ್ಲಿ ದಾಟುತ್ತೆ.

ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಸಲ ನೋಡಿದೀನಿ. ಅಸಿಂಪ್ಟೋಟ್ ಅಂದ್ರೆ ಲೋಕಸ್ ದೂರ ಹೋದ ಮೇಲೆ ಹತ್ರ ಆಗೋ ಗೆರೆ. ಪೋಲುಗಳ ಹತ್ರ ಅದಕ್ಕೂ ಲೋಕಸಿಗೂ ಸಂಬಂಧ ಇರಲೇಬೇಕು ಅಂತಿಲ್ಲ, ಲೋಕಸ್ ಸೆಂಟ್ರಾಯ್ಡ್ ಮೂಲಕ ಹಾಯಬೇಕು ಅಂತಾನೂ ಇಲ್ಲ. ಬ್ರೇಕ್‌ಅವೇ ಪಾಯಿಂಟ್ ಸೆಂಟ್ರಾಯ್ಡಿನಲ್ಲೇ ಇರುತ್ತೆ ಅಂತ ಬರೆದು ಮುಗಿಸೋರೂ ಇದ್ದಾರೆ. ಈ ಸಿಸ್ಟಮಲ್ಲಿ ಅದು ಅಲ್ಲಿಂದ ಹತ್ತಿರ ಒಂದು ಯೂನಿಟ್ ದೂರದಲ್ಲಿದೆ, ಈಗ ನೋಡ್ತೀರಿ.

ಬ್ರೇಕ್‌ಅವೇ ಪಾಯಿಂಟ್

0ಯಿಂದ ಒಂದು ಬ್ರಾಂಚ್ ಎಡಕ್ಕೆ ಹೊರಡುತ್ತೆ, -5ರಿಂದ ಒಂದು ಬಲಕ್ಕೆ ಬರುತ್ತೆ, ಎಲ್ಲೋ ಒಂದು ಕಡೆ ಡಿಕ್ಕಿ ಆಗಿ ಒಂದು ಮೇಲಕ್ಕೆ ಒಂದು ಕೆಳಕ್ಕೆ ಹೋಗುತ್ತೆ. ಡಿಕ್ಕಿ ಆಗೋ ಜಾಗದಲ್ಲಿ ಆ ತುಂಡಿನ ಮೇಲೆ K ಅತಿ ಹೆಚ್ಚು ಇರುತ್ತೆ, ಯಾಕಂದ್ರೆ K ಹೆಚ್ಚಿದಂಗೆ ಎರಡೂ ಕಡೆಯಿಂದ ಪೋಲ್ ಹತ್ತಿರ ಬರ್ತಾ ಇವೆ, ಇನ್ನೂ ಹೆಚ್ಚಿದ್ರೆ ಆಕ್ಸಿಸ್ ಮೇಲೆ ಜಾಗನೇ ಇಲ್ಲ. ಹಾಗಾಗಿ K-ನ s-ನಲ್ಲಿ ಬರೆದು ಡಿಫರೆನ್ಶಿಯೇಟ್ ಮಾಡಿ ಸೊನ್ನೆಗೆ ಸಮ ಮಾಡಿ:

```
K = -(s^4 + 9s^3 + 33s^2 + 65s)
4s^3 + 27s^2 + 66s + 65 = 0
```

ಕ್ಯೂಬಿಕ್ ನೋಡಿ ಗಾಬರಿ ಬೇಡ, ರೂಟ್ 0 ಮತ್ತು -5ರ ಮಧ್ಯೆ ಎಲ್ಲೋ ಇದೆ ಅಂತ ನಮಗೆ ಮೊದಲೇ ಗೊತ್ತು. ಸುಮ್ನೆ ಬೆಲೆ ಹಾಕಿ ನೋಡ್ತಾ ಹೋಗಿ. -2.5 ಹಾಕಿದ್ರೆ 6.25 ಬರುತ್ತೆ, -3ಕ್ಕೆ 2, -3.25ಕ್ಕೆ -1.6. ಅಂದ್ರೆ -3 ಮತ್ತು -3.25ರ ಮಧ್ಯೆ ಸೈನ್ ಬದಲಾಯ್ತು. -3.15 ಹಾಕಿ, -0.02 ಬಂತು, ಸಾಕು. ಬ್ರೇಕ್‌ಅವೇ -3.15. ಅಲ್ಲಿ K ಸುಮಾರು 60.2.

ಕ್ಯೂಬಿಕ್ ಕೂಡ ಬೇಡ ಅನ್ನೋರಿಗೆ ಇನ್ನೊಂದು ದಾರಿ, ನೇರವಾಗಿ K ಬೆಲೆನೇ ತೆಗೀರಿ: -2ರಲ್ಲಿ 54, -2.5ರಲ್ಲಿ 57.8, -3ರಲ್ಲಿ 60, -3.5ರಲ್ಲಿ 59.1. ತುದಿ -3ರ ಆಚೆ ಸ್ವಲ್ಪದರಲ್ಲೇ ಇದೆ ಅಂತ ಕಣ್ಣಿಗೇ ಕಾಣುತ್ತೆ. ಗುಡ್ಡದ ತಲೆ ಚಪ್ಪಟೆ ಇರೋದ್ರಿಂದ ಜಾಗದಲ್ಲಿ 0.1 ತಪ್ಪಾದ್ರೂ K-ಯಲ್ಲಿ ಏನೂ ಆಗಲ್ಲ, ಆದ್ರೆ ಇದೇ ಮಾತನ್ನ ತಿರುಗಿಸಿ ನೋಡಿ: K ಇಲ್ಲಿ ಒಂದು ಚೂರು ಬದಲಾದ್ರೂ ಪೋಲ್ ಬಹಳ ದೂರ ಓಡಿಬಿಡುತ್ತೆ. ಗೇನ್ 58ರಿಂದ 60ಕ್ಕೆ ಹೋಗೋಷ್ಟರಲ್ಲಿ ಪೋಲ್ -2.5ರಿಂದ -3ಕ್ಕೆ ಹೋಗಿರುತ್ತೆ.

ಮಧ್ಯದ ಬಿಂದು -2.5 ಅಲ್ವಾ, ಯಾಕೆ ಎಡಕ್ಕೆ ಸರೀತು? ಕಾಂಪ್ಲೆಕ್ಸ್ ಜೋಡಿ -2ರ ನೇರದಲ್ಲಿ ಇದೆ, ಅಂದ್ರೆ ಮಧ್ಯಕ್ಕಿಂತ ಸ್ವಲ್ಪ ಬಲಕ್ಕೆ. ಅದರಿಂದ ದೂರ ಹೋದಂಗೆ ಗೆರೆಗಳ ಉದ್ದ ಜಾಸ್ತಿ, K ಜಾಸ್ತಿ, ಹಾಗಾಗಿ ಗುಡ್ಡದ ತಲೆ ಅದರಿಂದ ದೂರಕ್ಕೆ ಸರಿಯುತ್ತೆ. ಕ್ಯೂಬಿಕ್ ಬಿಡಿಸುವ ಮೊದಲೇ ಇಷ್ಟು ಅಂದಾಜು ಇಟ್ಕೊಂಡ್ರೆ ಯಾವ ಕಡೆ ಹುಡುಕಬೇಕು ಅಂತ ಗೊತ್ತಿರುತ್ತೆ.

ಕ್ಯೂಬಿಕ್ಕಿಗೆ ಇನ್ನೆರಡು ರೂಟ್ ಇವೆಯಲ್ಲ, ಅವು -1.80 ± 1.385j. ಇವನ್ನೂ ಬ್ರೇಕ್‌ಅವೇ ಅಂತ ಹಾಕೋದಾ? ಇಲ್ಲೇ ಬಹಳ ಜನ ಜಾರೋದು. ಡೆರಿವೇಟಿವ್ ಸೊನ್ನೆ ಆಗೋದು ಬ್ರೇಕ್‌ಅವೇಗೆ ಬೇಕೇ ಬೇಕು, ಆದ್ರೆ ಅಷ್ಟೇ ಸಾಕಾಗಲ್ಲ, ಆ ಬಿಂದು ಲೋಕಸ್ ಮೇಲೂ ಇರ್ಬೇಕು. ಆಂಗಲ್ ಚೆಕ್ ಮಾಡಿ: -1.80+1.385jಗೆ 0ಯಿಂದ 142.4, -5ರಿಂದ 23.4, ಮೇಲಿನ ಪೋಲಿಂದ -82.9, ಕೆಳಗಿನದರಿಂದ 87.4. ಕೂಡಿಸಿದ್ರೆ 170.3. ಹತ್ತು ಡಿಗ್ರಿ ಕಮ್ಮಿ. ಲೋಕಸ್ ಮೇಲೆ ಇಲ್ಲ, ಕೈಬಿಡಿ. K ಬೆಲೆ ಹಾಕಿ ನೋಡಿದ್ರೂ 55.8 - 9.6j ಅಂತ ಕಾಂಪ್ಲೆಕ್ಸ್ ಬರುತ್ತೆ, ಗೇನ್ ಕಾಂಪ್ಲೆಕ್ಸ್ ಆಗೋಕೆ ಸಾಧ್ಯ ಇಲ್ವಲ್ಲ. ಆದ್ರೆ ಬರೀ ಹತ್ತೇ ಡಿಗ್ರಿ ಕಮ್ಮಿ ಅನ್ನೋದನ್ನ ಮರೀಬೇಡಿ, ಅಂದ್ರೆ ಗೆರೆ ಅದರ ಅಕ್ಕಪಕ್ಕದಲ್ಲೇ ಎಲ್ಲೋ ಹಾದು ಹೋಗ್ತಾ ಇದೆ, ತುಸು ತಪ್ಪಿಸ್ಕೊಂಡಿದೆ ಅಷ್ಟೇ.

ಡಿಪಾರ್ಚರ್ ಆಂಗಲ್

ಈಗ -2+3j ಪೋಲಿಂದ ಬ್ರಾಂಚ್ ಯಾವ ದಿಕ್ಕಿಗೆ ಹೊರಡುತ್ತೆ ನೋಡೋಣ. ಆ ಪೋಲಿಗೆ ಕೂದಲೆಳೆ ಹತ್ತಿರ ಒಂದು ಬಿಂದು ಇದೆ ಅಂದ್ಕೊಳ್ಳಿ. ಉಳಿದ ಮೂರು ಪೋಲಿಂದ ಆ ಬಿಂದುವಿಗೆ ಇರೋ ಕೋನ, ಪೋಲಿಗೇ ಇರೋ ಕೋನಕ್ಕೆ ಸಮ, ಅಷ್ಟು ಹತ್ತಿರ ಇದೆ. ಗೊತ್ತಿಲ್ಲದೇ ಇರೋದು ಆ ಪೋಲಿಂದಲೇ ಹೊರಡೋ ಕೋನ ಒಂದೇ.

0ಯಿಂದ -2+3jಗೆ: ಎಡಕ್ಕೆ 2, ಮೇಲಕ್ಕೆ 3, ಅಂದ್ರೆ 123.69 ಡಿಗ್ರಿ. -5ರಿಂದ: ಬಲಕ್ಕೆ 3, ಮೇಲಕ್ಕೆ 3, 45 ಡಿಗ್ರಿ. ಕೆಳಗಿನ ಜೊತೆಗಾರನಿಂದ ನೇರ ಮೇಲಕ್ಕೆ, 90. ಒಟ್ಟು 258.69.

```
180 - 258.69 = -78.69
```

ಅಂದ್ರೆ ಗೆರೆ ಕೆಳಕ್ಕೆ ಹೊರಡುತ್ತೆ, ತುಸುವೇ ಬಲಕ್ಕೆ ವಾಲಿಕೊಂಡು. ಪ್ರೊಟ್ರ್ಯಾಕ್ಟರ್ ಇಲ್ಲದಿದ್ರೂ ಪರವಾಗಿಲ್ಲ, ಈ ಕೋನದ ಟ್ಯಾನ್ 5 ಬರುತ್ತೆ, ಅಂದ್ರೆ 5 ಸೆಂ.ಮೀ. ಕೆಳಗೆ ಇಳಿದ್ರೆ 1 ಸೆಂ.ಮೀ. ಬಲಕ್ಕೆ. ಪೋಲಿಂದ ಅಷ್ಟು ವಾಲಿಸಿ ಒಂದು ಪುಟ್ಟ ಬಾಣ ಹಾಕಿ, ಒಂದು ಸೆಂ.ಮೀ. ಉದ್ದ ಸಾಕು, ಯಾಕಂದ್ರೆ ಈ ಕೋನ ಹೊರಡೋ ಕ್ಷಣದ್ದು ಮಾತ್ರ, ಆಮೇಲೆ ಗೆರೆ ಬಾಗುತ್ತೆ.

ಇಲ್ಲಿ ನಾನೇ ಬಿದ್ದ ಗುಂಡಿ ಹೇಳಿಬಿಡ್ತೀನಿ. ಓದೋ ಕಾಲದಲ್ಲಿ ಒಂದು ಟೆಸ್ಟಲ್ಲಿ ಕ್ಯಾಲ್ಕುಲೇಟರಿಗೆ 3 ಭಾಗಿಸು -2, ಟ್ಯಾನ್ ಇನ್ವರ್ಸ್ ಅಂತ ಒತ್ತಿದೆ, ಅದು -56.31 ಕೊಡ್ತು, ಹಾಗೇ ಬರ್ಕೊಂಡೆ. ಕೂಡಿಸಿದ್ರೆ 78.69, ಡಿಪಾರ್ಚರ್ 101.31. ಗೆರೆ ಮೇಲಕ್ಕೆ, ಎಡಕ್ಕೆ ಹೊರಡ್ತು! ನಾನೂ ಭಕ್ತಿಯಿಂದ ಹಾಗೇ ಎಳೆದೆ, 135 ಡಿಗ್ರಿ ಅಸಿಂಪ್ಟೋಟಿಗೆ ಚೆಂದಾಗಿ ಸೇರಿಸಿಯೂ ಬಿಟ್ಟೆ, ನೋಡೋಕೆ ಸೊಗಸಾಗಿತ್ತು, ಮಾರ್ಕ್ಸ್ ಮಾತ್ರ ಬರ್ಲಿಲ್ಲ. ಕ್ಯಾಲ್ಕುಲೇಟರಿಗೆ -2 ಅನ್ನೋದು ಕೆಳಗಿತ್ತೋ ಮೇಲಿತ್ತೋ ಗೊತ್ತಾಗಲ್ಲ, ಭಾಗಿಸಿದ ಉತ್ತರ ಮಾತ್ರ ಕಾಣೋದು. ಬಿಂದು ಪೋಲಿನ ಎಡಕ್ಕೆ ಇದ್ರೆ 180 ಕೂಡಿಸಲೇಬೇಕು. ಈ ತಪ್ಪಾದ್ರೆ ಉತ್ತರ ಕರೆಕ್ಟಾಗಿ 180 ಡಿಗ್ರಿ ತಿರುಗಿರುತ್ತೆ, ಅದಕ್ಕೇ ನಾನು ಈಗ ಕ್ಯಾಲ್ಕುಲೇಟರ್ ಮುಟ್ಟೋ ಮೊದಲು ಹಾಳೆ ಮೇಲೆ ಗೆರೆ ಎಳೆದು ಇದು 90ಕ್ಕಿಂತ ಜಾಸ್ತಿನಾ ಕಮ್ಮಿನಾ ಅಂತ ಪೆನ್ಸಿಲ್ಲಲ್ಲಿ ಬರೆದಿಟ್ಕೊಳ್ತೀನಿ.

ಇಮ್ಯಾಜಿನರಿ ಆಕ್ಸಿಸ್ ದಾಟೋ ಜಾಗ

ಕ್ಯಾರೆಕ್ಟರಿಸ್ಟಿಕ್ ಈಕ್ವೇಶನ್ನಿಗೆ s = jω ಹಾಕಿ, ರಿಯಲ್ ಮತ್ತು ಇಮ್ಯಾಜಿನರಿ ಭಾಗ ಬೇರೆ ಬೇರೆ ಸೊನ್ನೆ ಮಾಡಿ. ರೌತ್ ಟೇಬಲ್ ಹಾಕಿದ್ರೂ ಇದೇ ಬರೋದು, ಇದು ಬೇಗ ಆಗುತ್ತೆ.

```
-9ω^3 + 65ω = 0        ->  ω^2 = 65/9,  ω = 2.69
ω^4 - 33ω^2 + K = 0    ->  K = 186
```

2.69ರಲ್ಲಿ ಇಮ್ಯಾಜಿನರಿ ಆಕ್ಸಿಸ್ ಮೇಲೆ ಚುಕ್ಕಿ ಇಡಿ. K 186 ದಾಟಿದ್ರೆ ಸಿಸ್ಟಮ್ ಅನ್‌ಸ್ಟೇಬಲ್.

ಇಲ್ಲಿ ಪುಕ್ಕಟೆಯಾಗಿ ಇನ್ನೊಂದು ಮಾಹಿತಿ ಸಿಗುತ್ತೆ, ಯಾರೂ ತಗೊಳ್ಳಲ್ಲ. K = 186 ಇದ್ದಾಗ ನಾಲ್ಕು ರೂಟಲ್ಲಿ ಎರಡು ಗೊತ್ತಾಯ್ತು, ಆದ್ರಿಂದ ಆ ಪಾಲಿನಾಮಿಯಲ್ಲನ್ನ s² + 7.22ರಿಂದ ಭಾಗಿಸಿದ್ರೆ s² + 9s + 25.78 ಉಳಿಯುತ್ತೆ, ಅದರ ರೂಟ್ -4.5 ± 2.35j. ಅಂದ್ರೆ ಅದೇ ಗೇನಲ್ಲಿ ಉಳಿದ ಎರಡು ಬ್ರಾಂಚ್ ಎಲ್ಲಿವೆ ಅಂತ ಗೊತ್ತಾಯ್ತು. 135 ಡಿಗ್ರಿ ಅಸಿಂಪ್ಟೋಟ್ -4.5ರ ನೇರದಲ್ಲಿ 2.25 ಎತ್ತರದಲ್ಲಿದೆ, ನಮ್ಮ ಬಿಂದು 2.35ರಲ್ಲಿ, ಹತ್ತತ್ರ ಬಂದಾಗಿದೆ. ಅದನ್ನೂ ಹಾಳೆ ಮೇಲೆ ಇಡಿ.

ಈಗ ಜೋಡಿಸೋದು

ಮೇಲಿನ ಅರ್ಧದಲ್ಲಿ ಎರಡು ಬ್ರಾಂಚ್ ಇವೆ. ಒಂದು -2+3jಯಿಂದ ಹೊರಟಿರೋದು, ಇನ್ನೊಂದು -3.15ರಲ್ಲಿ ರಿಯಲ್ ಆಕ್ಸಿಸ್ ಬಿಟ್ಟು ನೇರ 90 ಡಿಗ್ರಿಯಲ್ಲಿ ಮೇಲಕ್ಕೆ ಎದ್ದಿರೋದು. ಅಸಿಂಪ್ಟೋಟೂ ಎರಡು, 45 ಮತ್ತು 135. ಯಾರಿಗೆ ಯಾವುದು?

ಡಿಪಾರ್ಚರ್ ಆಂಗಲ್ ಮತ್ತು ಬ್ರೇಕ್‌ಅವೇ ಜಾಗ ಇವೆರಡನ್ನೂ ಒಟ್ಟಿಗೆ ಓದಿ. ಕಾಂಪ್ಲೆಕ್ಸ್ ಪೋಲಿನ ಬ್ರಾಂಚ್ ಕೆಳಕ್ಕೆ ಇಳೀತಿದೆ, ರಿಯಲ್ ಆಕ್ಸಿಸಿಂದ ಬಂದಿದ್ದು ಮೇಲಕ್ಕೆ ಹತ್ತುತ್ತಿದೆ, ಅಂದ್ರೆ ಎದುರುಬದುರು ಬರ್ತಿವೆ, ಮಧ್ಯದಲ್ಲಿ ಒಬ್ಬರಿಗೊಬ್ಬರು ದಾರಿ ಬಿಡಬೇಕು. ಇಳಿಯೋದು ಲಂಬಕ್ಕಿಂತ ಬಲಕ್ಕೆ ವಾಲಿದೆ, -78.69. ಹತ್ತುವುದು ಎಡಗಡೆ -3.15ರಿಂದ ಹೊರಟಿದೆ. ಹಾಗಾಗಿ ಇಳಿಯೋದು ಬಲಕ್ಕೆ ತಿರುಗಿ 45 ಡಿಗ್ರಿ ಅಸಿಂಪ್ಟೋಟ್ ಹಿಡಿಯುತ್ತೆ, ಹತ್ತುವುದು ಎಡಕ್ಕೆ ತಿರುಗಿ 135 ಹಿಡಿಯುತ್ತೆ. ಒಂದನ್ನೊಂದು ದಾಟಲ್ಲ. ನಾವು ಕೈಬಿಟ್ಟ -1.80+1.385j ಇತ್ತಲ್ಲ, ಅದು ಈ ಇಬ್ಬರು ದಾರಿ ಬಿಟ್ಟುಕೊಡೋ ಸಂದಿಯಲ್ಲೇ ಇದೆ.

ಎಳೆಯೋದು ಹೀಗೆ. -2+3jಯಿಂದ ಬಾಣದ ದಿಕ್ಕಲ್ಲಿ ಇಳಿಸಿ, ನಿಧಾನಕ್ಕೆ ಬಲಕ್ಕೆ ಬಾಗಿಸಿ, ಸುಮಾರು 2.05 ಎತ್ತರಕ್ಕೆ ಬಂದಾಗ ಚಪ್ಪಟೆ ಆಗಲಿ, ಅಲ್ಲಿಂದ ಮತ್ತೆ ಮೇಲಕ್ಕೆ ಎದ್ದು ಇಮ್ಯಾಜಿನರಿ ಆಕ್ಸಿಸನ್ನ 2.69ರಲ್ಲಿ ದಾಟಿ 45 ಡಿಗ್ರಿ ಗೆರೆ ಕಡೆ ಹೋಗಲಿ. ಅಂದ್ರೆ ಜೋಕಾಲಿ ಥರ ಇಳಿದು ಎದ್ದು ಹೋಗೋ ಆಕಾರ. ಈ ಇಳಿತ ಬಿಟ್ಟು ಪೋಲಿಂದ ನೇರ ಬಲಕ್ಕೆ ಎಳೆಯೋರು ಬಹಳ, 3ರಿಂದ 2.69ಕ್ಕೆ ಸುಮ್ನೆ ಒಂದು ಇಳಿಜಾರು ಅಂತ. ಹಾಗೆ ಎಳೆದ್ರೆ ಡಿಪಾರ್ಚರ್ ಆಂಗಲ್ ತೆಗೆದಿದ್ದು ಯಾಕೆ?

2.05 ಅಂತ ಎಲ್ಲಿಂದ ತಂದೆ ಅಂತೀರಾ? ಮತ್ತೆ ಅದೇ ಭಾಗಾಕಾರದ ಉಪಾಯ. ಬ್ರೇಕ್‌ಅವೇಲಿ K 60.2, ಅಲ್ಲಿ -3.15 ಎರಡು ಸಲ ರೂಟ್, ಆದ್ರಿಂದ (s+3.15)²ರಿಂದ ಭಾಗಿಸಿದ್ರೆ ಹತ್ತತ್ರ s² + 2.70s + 6.07 ಉಳಿಯುತ್ತೆ, ಅದರ ರೂಟ್ -1.35 ± 2.06j. ಅಂದ್ರೆ ರಿಯಲ್ ಆಕ್ಸಿಸಲ್ಲಿ ಡಿಕ್ಕಿ ಆಗೋ ಹೊತ್ತಿಗೆ ಕಾಂಪ್ಲೆಕ್ಸ್ ಬ್ರಾಂಚ್ ಎಲ್ಲಿ ತಲುಪಿದೆ ಅಂತ ಸಿಕ್ಕಿತು, ಅದು ಗೆರೆಯ ತಳದ ಹತ್ತಿರವೇ ಇದೆ. ನಂಬಿಕೆ ಬರ್ಲಿಲ್ಲಾಂದ್ರೆ ಆಂಗಲ್ ಕೂಡಿಸಿ: 0ಯಿಂದ 123.2, -5ರಿಂದ 29.4, ಮೇಲಿನ ಪೋಲಿಂದ -55.3, ಕೆಳಗಿನದರಿಂದ 82.7. ಒಟ್ಟು 180.0. ನಾಲ್ಕು ಉದ್ದ 2.46, 4.19, 1.14, 5.10, ಗುಣಿಸಿದ್ರೆ ಸುಮಾರು 60. ಎರಡೂ ಕೂಡಿ ಬಂತು.

ಎರಡನೇ ಬ್ರಾಂಚ್ ಸುಲಭ, -3.15ರಿಂದ ನೇರ ಮೇಲೆದ್ದು ಎಡಕ್ಕೆ ಬಾಗಿ -4.5+2.35j ಮೂಲಕ 135 ಡಿಗ್ರಿ ಗೆರೆಗೆ. ಆಮೇಲೆ ಎಲ್ಲದರ ಕನ್ನಡಿ ಪ್ರತಿ ಕೆಳಗೆ, K ಹೆಚ್ಚೋ ದಿಕ್ಕಿಗೆ ಬಾಣ, ಅಷ್ಟೇ.

ಪೋಲ್ ಒಂದು ಯೂನಿಟ್ ಸರಿಸಿದ್ರೆ

ಅಂದಾಜಿಗೆ ಎಳೆದ್ರೆ ಉಲ್ಟಾ ಆಗುತ್ತೆ ಅಂದೆನಲ್ಲ, ಅದಕ್ಕೆ ಪುರಾವೆ ಇಲ್ಲಿದೆ. ಕಾಂಪ್ಲೆಕ್ಸ್ ಜೋಡಿನ -2 ± 3jಯಿಂದ -3 ± 3jಗೆ ಸರಿಸಿ, ಬೇರೇನೂ ಮುಟ್ಟಬೇಡಿ. ಅಸಿಂಪ್ಟೋಟ್ ಕೋನ ಅವೇ ನಾಲ್ಕು, ಸೆಂಟ್ರಾಯ್ಡ್ -2.75, ಅಂಥಾ ವ್ಯತ್ಯಾಸ ಏನಿಲ್ಲ. ಆದ್ರೆ ಡಿಪಾರ್ಚರ್: 135 + 56.31 + 90 = 281.31, 180ರಿಂದ ಕಳೆದ್ರೆ -101.31, ಈಗ ಎಡಕ್ಕೆ ವಾಲಿತು. ಬ್ರೇಕ್‌ಅವೇ -1.85, ಬಲಕ್ಕೆ ಸರೀತು. ಹಾಗಾಗಿ ಈಗ ಇಮ್ಯಾಜಿನರಿ ಆಕ್ಸಿಸ್ ದಾಟೋದು ರಿಯಲ್ ಆಕ್ಸಿಸಿಂದ ಬಂದ ಜೋಡಿ, ಕಾಂಪ್ಲೆಕ್ಸ್ ಪೋಲಿಂದ ಬಂದಿದ್ದು ಎಡಕ್ಕೆ ಹೋಗಿ ಸುಮ್ಮನಾಗುತ್ತೆ. ದಾಟೋ ಗೇನ್ ಕೂಡ 186 ಇದ್ದಿದ್ದು ಸುಮಾರು 326 ಆಗುತ್ತೆ.

ಕರೆಕ್ಟಾಗಿ ಮಧ್ಯದಲ್ಲಿ, -2.5 ± 3jಯಲ್ಲಿ ಇಟ್ರೆ? ಡಿಪಾರ್ಚರ್ ಕರಾರುವಾಕ್ಕಾಗಿ -90, ಬ್ರೇಕ್‌ಅವೇ -2.5, ಇಳಿಯೋದೂ ಹತ್ತುವುದೂ ಒಂದೇ ಲಂಬ ಗೆರೆ ಮೇಲೆ ಬಂದು -2.5+1.17jಯಲ್ಲಿ ಡಿಕ್ಕಿ ಹೊಡೀತವೆ. ಅಂದ್ರೆ ಆ ಸಿಸ್ಟಮಿಗೆ ಕಾಂಪ್ಲೆಕ್ಸ್ ರೂಟುಗಳೂ ನಿಜವಾದ ಬ್ರೇಕ್‌ಅವೇ, ಆಂಗಲ್ ಚೆಕ್ಕಲ್ಲಿ 180 ಬಂದೇ ಬರುತ್ತೆ, K 58.1. ಹಾಗಾಗಿ ಡಿಪಾರ್ಚರ್ -90ಕ್ಕೆ ತೀರಾ ಹತ್ರ ಬಂತು ಅಂದ್ರೆ ಹುಷಾರಾಗಿರಿ, ಅಲ್ಲಿ ಕಣ್ಣಂದಾಜು ನಡೆಯಲ್ಲ, ಸಂದಿಯ ಆಚೀಚೆ ಎರಡು ಮೂರು ಬಿಂದುಗೆ ಆಂಗಲ್ ಕೂಡಿಸಿಯೇ ತೀರ್ಮಾನ ಮಾಡಿ.

ಝೀರೋ ಬಂದ್ರೆ ಏನು ಬದಲಾಗುತ್ತೆ

ಮೊದಲಿನ ಸಿಸ್ಟಮಿಗೇ -6ರಲ್ಲಿ ಒಂದು ಝೀರೋ ಸೇರಿಸಿ. ಒಂದು ಬ್ರಾಂಚ್ ಆ ಝೀರೋದಲ್ಲಿ ನಿಲ್ಲುತ್ತೆ, ಉಳಿದ ಮೂರಕ್ಕೆ ಅಸಿಂಪ್ಟೋಟ್ 60, 180, 300. ಸೆಂಟ್ರಾಯ್ಡಲ್ಲಿ ಝೀರೋನ ಕಳೀಬೇಕು, ಛೇದದಲ್ಲಿ 3:

```
( -9 - (-6) ) / 3 = -1
```

ಎರಡು ಮೈನಸ್ ಒಟ್ಟಿಗೆ ಬಂದಾಗ ಒಂದನ್ನ ನುಂಗಿ -5 ಅಂತ ಬರೆಯೋದು ಸರ್ವೇಸಾಮಾನ್ಯ. ಬ್ರ್ಯಾಕೆಟ್ ಹಾಕಿ ಬರೀರಿ, ಸೋಮಾರಿತನ ಬೇಡ.

ಡಿಪಾರ್ಚರಿಗೆ ಝೀರೋದ ಕೋನ ಕೂಡಿಸಬೇಕು. -6ರಿಂದ -2+3jಗೆ ಬಲಕ್ಕೆ 4, ಮೇಲಕ್ಕೆ 3, 36.87 ಡಿಗ್ರಿ. -78.69 + 36.87 = -41.8. ಗೆರೆ ಈಗ ಸ್ಪಷ್ಟವಾಗಿ ಬಲಕ್ಕೆ ಹೊರಟಿದೆ, 60 ಡಿಗ್ರಿ ಅಸಿಂಪ್ಟೋಟ್ ಇದರದ್ದೇ ಅನ್ನೋದರಲ್ಲಿ ಅನುಮಾನ ಉಳಿಯಲ್ಲ. ರಿಯಲ್ ಆಕ್ಸಿಸ್ ಮೇಲೆ 0ಯಿಂದ -5ರ ತುಂಡಿನ ಜೊತೆ -6ರ ಎಡಕ್ಕೆ ಪೂರ್ತಿ ಲೋಕಸ್ ಬರುತ್ತೆ. ಬ್ರೇಕ್‌ಅವೇ -4.07ಕ್ಕೆ ಸರಿಯುತ್ತೆ, ಅಲ್ಲಿ ಆಕ್ಸಿಸ್ ಬಿಟ್ಟ ಜೋಡಿ ಝೀರೋದ ಸುತ್ತ ಬಳಸಿ -7.1ರಲ್ಲಿ ವಾಪಸ್ ಆಕ್ಸಿಸಿಗೆ ಬಂದು ಸೇರುತ್ತೆ, ಆಮೇಲೆ ಒಂದು ಬಲಕ್ಕೆ -6ರ ಝೀರೋಗೆ, ಇನ್ನೊಂದು ಎಡಕ್ಕೆ ಅನಂತಕ್ಕೆ. ವಾಪಸ್ ಬರೋ ಈ ಬಿಂದುವೂ ಅದೇ ಡಿಫರೆನ್ಶಿಯೇಟ್ ಮಾಡಿದ ಈಕ್ವೇಶನ್ನಲ್ಲೇ ಸಿಗುತ್ತೆ, ವ್ಯತ್ಯಾಸ ಇಷ್ಟೇ, ಇಲ್ಲಿ ಆ ತುಂಡಿನ ಮೇಲೆ K ಅತಿ ಕಮ್ಮಿ ಇರುತ್ತೆ.

ಬಿಡಿಸಿ ಆದ ಮೇಲೆ ಮ್ಯಾಟ್‌ಲ್ಯಾಬಲ್ಲಿ ಹೋಲಿಸಿ ನೋಡೋದಾದ್ರೆ:

```
s = tf('s');
G = 1/(s*(s+5)*(s^2+4*s+13));
rlocus(G); axis equal
roots([4 27 66 65])
```

axis equal ಬಿಡಬೇಡಿ, ಇಲ್ಲಾಂದ್ರೆ ಸ್ಕ್ರೀನ್ ಮೇಲೆ 45 ಡಿಗ್ರಿ ಗೆರೆ ಮಲಗಿದಂಗೆ ಕಾಣುತ್ತೆ, ನಿಮ್ಮದೇ ಸರಿಯಾದ ಚಿತ್ರನ ತಪ್ಪು ಅಂದ್ಕೊಂಡು ಅಳಿಸಿಬಿಡ್ತೀರಿ. ಹೋಲಿಸುವಾಗ ಮೊದಲು ನೋಡಬೇಕಾದ್ದು -2+3j ಹತ್ತಿರದ ಆ ಇಳಿತ, ಆಮೇಲೆ -3.15, ಆಮೇಲೆ 2.69. ಈ ಮೂರು ಕೂಡಿ ಬಂದಿದ್ರೆ ಮಧ್ಯದ ಗೆರೆ ಒಂದೆರಡು ಮಿಲಿಮೀಟರ್ ಆಚೀಚೆ ಇದ್ರೂ ತಲೆ ಕೆಡಿಸ್ಕೋಬೇಡಿ.